ಅವಿಶ್ವಾಸ ನಿರ್ಣಯದ ನೋಟೀಸು: ಕನ್ನಡ ಪಠ್ಯದಲ್ಲಿ ಪದಗಳ ನಿಖರತೆ

ಗ್ರಾಮ ಪಂಚಾಯತಿಯ ಅಧ್ಯಕ್ಷ ಅಥವಾ ಉಪಾಧ್ಯಕ್ಷರ ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಸಂಬಂಧಿಸಿದ ಉಪಬಂಧವು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 49ನೇ ಪ್ರಕರಣದಲ್ಲಿದೆ. ಅದರ ಕಾರ್ಯವಿಧಾನವನ್ನು 1994ರ ನಿಯಮಗಳು ಗೊತ್ತುಪಡಿಸಿವೆ. ಈ ಕಾರ್ಯವಿಧಾನದಲ್ಲಿ ಎರಡು ನೋಟೀಸುಗಳಿವೆ. ಮೊದಲನೆಯದು, ನಿರ್ಣಯವನ್ನು ಮಂಡಿಸಲು ಉದ್ದೇಶಿಸಿರುವ ಸದಸ್ಯರು ಸಹಾಯಕ ಆಯುಕ್ತರಿಗೆ ಕೊಡುವ ನೋಟೀಸು. ಎರಡನೆಯದು, ಸಹಾಯಕ ಆಯುಕ್ತರು ಸಭೆ ಕರೆದು ಎಲ್ಲ ಸದಸ್ಯರಿಗೆ ನೀಡುವ ನೋಟೀಸು. ಇಂಗ್ಲಿಷ್ ಪಠ್ಯವನ್ನು ನೋಡಿ ಈ ನೋಟೀಸುಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವಾಗ ವಾಕ್ಯವು ಸರಾಗವಾಗಿ ಓದಿಸಿಕೊಂಡು ಹೋಗಲೆಂದು ಪದಗಳನ್ನು ಸಡಿಲಗೊಳಿಸುವುದುಂಟು. ಹಾಗೆ ಸಡಿಲಗೊಂಡ ಒಂದು ಪದವು ಒಂದು ದಿನವನ್ನೋ ಒಂದು ಸಹಿಯನ್ನೋ ಒಂದು ಮತವನ್ನೋ ಕಡಿಮೆ ಮಾಡಬಹುದು. ಅಧ್ಯಕ್ಷರ ಸ್ಥಾನ ಉಳಿಯುವುದೂ ತೆರವಾಗುವುದೂ ಆ ಒಂದರ ಮೇಲೆಯೇ ನಿಂತಿರಬಹುದು. ಆದ್ದರಿಂದ ಈ ನೋಟೀಸುಗಳಲ್ಲಿ ಅಳತೆಯನ್ನು ಹೇಳುವ ಪದಗಳು ಯಾವುವು, ಅವು ಕನ್ನಡದಲ್ಲಿ ಹೇಗಿರಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪೂರ್ಣ ದಿನಗಳ ಎಣಿಕೆ

ಸಹಾಯಕ ಆಯುಕ್ತರು ಸಭೆಯ ಬಗ್ಗೆ ಸದಸ್ಯರಿಗೆ 15ಕ್ಕೆ ಕಡಿಮೆಯಿಲ್ಲದಷ್ಟು 'ಕ್ಲಿಯರ್ ಡೇಸ್' ನೋಟೀಸು ನೀಡತಕ್ಕದ್ದೆಂದು ನಿಯಮವು ಹೇಳುತ್ತದೆ. 'ಕ್ಲಿಯರ್' ಎಂಬುದಕ್ಕೆ ನಿಘಂಟಿನಲ್ಲಿ ಮೊದಲು ಸಿಗುವ ಅರ್ಥ 'ಸ್ಪಷ್ಟ'. 'ಸ್ಪಷ್ಟ ದಿನಗಳು' ಎಂದು ಬರೆದರೆ ಓದುವವರಿಗೆ ಏನನ್ನು ಎಣಿಸಬೇಕೆಂಬುದೇ ತಿಳಿಯದು. '15 ದಿನ ಮುಂಚಿತವಾಗಿ' ಎಂಬುದು ಕನ್ನಡಕ್ಕೆ ಸಹಜವಾದ ಮಾತು, ಆದರೆ ಅದರ ಎಣಿಕೆ ಬೇರೆ. ಕಾನೂನಿನಲ್ಲಿ ಈ ಪದಕ್ಕಿರುವ ಅರ್ಥವೆಂದರೆ, ನೋಟೀಸು ಕೈಸೇರಿದ ದಿನ ಮತ್ತು ಸಭೆ ನಡೆಯುವ ದಿನ ಇವೆರಡನ್ನೂ ಬಿಟ್ಟು ನಡುವೆ ಉಳಿಯುವ ಇಡೀ ದಿನಗಳು. ಆ ಅರ್ಥಕ್ಕೆ 'ಪೂರ್ಣ ದಿನಗಳು' ಎಂಬ ಪದವು ಹೊಂದುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸಭೆಯನ್ನು ಜೂನ್ 30ಕ್ಕೆ ಗೊತ್ತುಪಡಿಸಲಾಗಿದೆ ಎಂದಿಟ್ಟುಕೊಳ್ಳೋಣ. '15 ದಿನ ಮುಂಚಿತವಾಗಿ' ಎಂದು ಓದಿದವರು 30ರಲ್ಲಿ 15ನ್ನು ಕಳೆದು ಜೂನ್ 15ರಂದು ನೋಟೀಸು ತಲುಪಿದರೆ ಸಾಕೆಂದು ತಿಳಿಯುತ್ತಾರೆ. ಆದರೆ ಜೂನ್ 15ರಂದು ತಲುಪಿದರೆ ನಡುವೆ ಉಳಿಯುವುದು 16ರಿಂದ 29ರವರೆಗೆ, ಅಂದರೆ 14 ದಿನಗಳು ಮಾತ್ರ. 15 ಪೂರ್ಣ ದಿನಗಳು ದೊರೆಯಬೇಕಾದರೆ ನೋಟೀಸು ಪ್ರತಿಯೊಬ್ಬ ಸದಸ್ಯರಿಗೂ ಜೂನ್ 14ರ ಒಳಗಾಗಿ ತಲುಪಿರಬೇಕು. ಆಗ 15ರಿಂದ 29ರವರೆಗಿನ 15 ದಿನಗಳು ಸದಸ್ಯರ ಕೈಯಲ್ಲಿ ಉಳಿಯುತ್ತವೆ. 'ಎರಡು ವಾರ ಮೊದಲು' ಎಂದು ಬರೆದಿದ್ದರೆ ಕೊರತೆ ಇನ್ನೂ ಹೆಚ್ಚುತ್ತಿತ್ತು.

ಇದೇ ನಿಯಮದಲ್ಲಿ ಇನ್ನೊಂದು ಅವಧಿಯೂ ಇದೆ. ಸದಸ್ಯರ ನೋಟೀಸನ್ನು ತಮಗೆ ತಲುಪಿಸಿದ ದಿನಾಂಕದಿಂದ 30 ದಿನಗಳನ್ನು ಮೀರದ ದಿನಾಂಕದಂದು ಸಹಾಯಕ ಆಯುಕ್ತರು ಸಭೆಯನ್ನು ಕರೆಯತಕ್ಕದ್ದು. ಇಲ್ಲಿ 'ಪೂರ್ಣ' ಎಂಬ ಪದವಿಲ್ಲ, ಆದ್ದರಿಂದ ಎಣಿಕೆಯೂ ಬೇರೆ. 'ದಿನಾಂಕದಿಂದ' ಎಂದಿರುವಲ್ಲಿ ಮೊದಲ ದಿನವನ್ನು ಬಿಟ್ಟು ಎಣಿಸುವುದು ಸಾಮಾನ್ಯ ಖಂಡಗಳ ಅಧಿನಿಯಮದ ರೀತಿ. ಕೊನೆಯ ದಿನವು ಲೆಕ್ಕಕ್ಕೆ ಸೇರುತ್ತದೆ. ಜುಲೈ 3ರಂದು ನೋಟೀಸು ತಲುಪಿದ್ದರೆ 30ನೇ ದಿನ ಆಗಸ್ಟ್ 2. ಭಾಷಾಂತರದಲ್ಲಿ '30 ದಿನ' ಎಂಬುದು 'ಒಂದು ತಿಂಗಳು' ಎಂದಾದರೆ ಕೊನೆಯ ದಿನ ಆಗಸ್ಟ್ 3 ಆಗುತ್ತದೆ. ಆಡುಮಾತಿನಲ್ಲಿ ಮೂವತ್ತು ದಿನವೂ ಒಂದು ತಿಂಗಳೂ ಒಂದೇ. ನೋಟೀಸಿನಲ್ಲಿ ಅವು ಎರಡು ಬೇರೆ ದಿನಾಂಕಗಳು.

ಕಳುಹಿಸುವುದು, ಸಲ್ಲಿಸುವುದು, ತಲುಪಿಸುವುದು

ಎಣಿಕೆ ಯಾವ ದಿನದಿಂದ ಆರಂಭವಾಗುತ್ತದೆ ಎಂಬುದನ್ನು ಕ್ರಿಯಾಪದವು ನಿರ್ಧರಿಸುತ್ತದೆ. 'ನೋಟೀಸು ಹೊರಡಿಸಲಾಗಿದೆ' ಎಂದರೆ ಕಚೇರಿಯಲ್ಲಿ ಸಹಿಯಾಗಿದೆ ಎಂದರ್ಥ. 'ಕಳುಹಿಸಲಾಗಿದೆ' ಎಂದರೆ ಟಪಾಲಿಗೆ ಸೇರಿದೆ ಎಂದರ್ಥ. 'ನೀಡಲಾಗಿದೆ' ಎಂದರೆ ಸದಸ್ಯರ ಕೈಗೆ ಬಂದಿದೆ ಎಂದರ್ಥ. ಒಂದೇ ಪದವನ್ನು ಮತ್ತೆ ಮತ್ತೆ ಬಳಸಿದರೆ ಬರವಣಿಗೆ ಬೇಸರ ತರುತ್ತದೆಂದು ಈ ಮೂರನ್ನೂ ಅದಲುಬದಲು ಮಾಡಿದರೆ ಒಂದೇ ನೋಟೀಸಿಗೆ ಮೂರು ದಿನಾಂಕಗಳು ಹುಟ್ಟುತ್ತವೆ.

ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದದ್ದು ಅಂದಿನ ಮೈಸೂರು ರಾಜ್ಯದಿಂದಲೇ. 1960ರ ದಶಕದ ಕೆ. ನರಸಿಂಹಯ್ಯ ವಿರುದ್ಧ ಎಚ್.ಸಿ. ಸಿಂಗ್ರಿಗೌಡ ಪ್ರಕರಣದಲ್ಲಿ, ಪುರಸಭೆಯೊಂದರ ಅಧ್ಯಕ್ಷರ ವಿರುದ್ಧ ಅವಿಶ್ವಾಸ ನಿರ್ಣಯವು ಅಂಗೀಕಾರವಾಗಿತ್ತು. ಆಗ ಜಾರಿಯಲ್ಲಿದ್ದ 1951ರ ಪುರಸಭೆಗಳ ಅಧಿನಿಯಮದಂತೆ ವಿಶೇಷ ಸಭೆಗೆ 3 ಪೂರ್ಣ ದಿನಗಳ ನೋಟೀಸು ನೀಡಬೇಕಾಗಿತ್ತು. ಕಳುಹಿಸಿದ ದಿನದಿಂದ ಎಣಿಸಿದರೆ ಅಷ್ಟು ದಿನಗಳಿದ್ದವು; ಕೆಲವು ಸದಸ್ಯರಿಗೆ ತಲುಪಿದ ದಿನದಿಂದ ಎಣಿಸಿದರೆ ಇರಲಿಲ್ಲ. ನೋಟೀಸನ್ನು ರವಾನಿಸಿದ ಮಾತ್ರಕ್ಕೆ 'ನೀಡಿದಂತೆ' ಆಗುವುದಿಲ್ಲ, ಅದು ಸಂಬಂಧಪಟ್ಟವರ ಕೈಸೇರಬೇಕು ಅಥವಾ ಅವರ ಮುಂದೆ ಒಡ್ಡಿರಬೇಕು ಎಂದು ನ್ಯಾಯಾಲಯವು ಹೇಳಿತು. ಒಡ್ಡಿದಾಗ ಅವರು ತೆಗೆದುಕೊಳ್ಳಲು ನಿರಾಕರಿಸಿದರೂ ನೋಟೀಸು ನೀಡಿದಂತೆಯೇ ಸರಿ.

ಅದೇ ತೀರ್ಪಿನಲ್ಲಿ ಇನ್ನೊಂದು ಅಂಶವೂ ಇದೆ. ಆ ಅಧಿನಿಯಮದ ಮಟ್ಟಿಗೆ, ಕೆಲವರಿಗೆ ದಿನಗಳು ಕಡಿಮೆಯಾದವೆಂಬ ಒಂದೇ ಕಾರಣಕ್ಕೆ ಸಭೆಯ ನಡವಳಿಯು ಅಸಿಂಧುವಾಗುವುದಿಲ್ಲವೆಂದೂ, ಆ ಕೊರತೆಯಿಂದ ನಡವಳಿಗೆ ಬಾಧಕ ಉಂಟಾಗಿದೆಯೇ ಎಂಬುದನ್ನು ನೋಡಬೇಕೆಂದೂ ನ್ಯಾಯಾಲಯವು ತೀರ್ಮಾನಿಸಿತು. ಇದರಿಂದ ದಿನಗಳನ್ನು ಲಘುವಾಗಿ ಎಣಿಸಬಹುದೆಂದು ತಿಳಿಯಬಾರದು. ಕೊರತೆಯ ಪರಿಣಾಮವೇನು ಎಂಬುದನ್ನು ಹೇಳುವುದು ನ್ಯಾಯಾಲಯದ ಕೆಲಸ. ಮೂಲದಲ್ಲಿ 'ತಕ್ಕದ್ದು' ಎಂಬ ಅರ್ಥವಿರುವಲ್ಲಿ 'ಬಹುದು' ಎಂದೋ 'ಸೂಕ್ತ' ಎಂದೋ ಬರೆದು ಆ ತೀರ್ಮಾನವನ್ನು ಭಾಷಾಂತರಕಾರರೇ ಮೊದಲೇ ಮಾಡಿಬಿಡುವಂತಿಲ್ಲ.

ಸದಸ್ಯರು ಸಹಾಯಕ ಆಯುಕ್ತರಿಗೆ ಕೊಡುವ ನೋಟೀಸಿಗೂ ಇದೇ ಮಾತು ಅನ್ವಯಿಸುತ್ತದೆ. ಸಹಿ ಮಾಡಿದವರಲ್ಲಿ ಯಾರಾದರೂ ಇಬ್ಬರು ಅದನ್ನು ಖುದ್ದಾಗಿ ತಲುಪಿಸತಕ್ಕದ್ದೆಂದು ನಿಯಮದಲ್ಲಿದೆ. ಕಚೇರಿಯ ಬರವಣಿಗೆಯಲ್ಲಿ 'ಸಲ್ಲಿಸುವುದು' ಎಂಬುದು ಗೌರವದ ಪದ. ಆದರೆ ಟಪಾಲಿನಲ್ಲಿ ಕಳುಹಿಸಿದರೂ, ಬೇರೊಬ್ಬರ ಕೈಯಲ್ಲಿ ಕೊಟ್ಟು ಕಳುಹಿಸಿದರೂ 'ಸಲ್ಲಿಸಿದಂತೆ' ಆಗುತ್ತದೆ. 'ಖುದ್ದಾಗಿ ತಲುಪಿಸತಕ್ಕದ್ದು' ಎಂಬುದರಲ್ಲಿರುವ ಷರತ್ತು ಅದರಲ್ಲಿ ಉಳಿಯುವುದಿಲ್ಲ.

ಕಡಿಮೆಯಿಲ್ಲದ, ಹೆಚ್ಚಿನ, ಒಟ್ಟು, ಹಾಜರಿದ್ದ

49ನೇ ಪ್ರಕರಣದಂತೆ ನೋಟೀಸಿಗೆ ಒಟ್ಟು ಸದಸ್ಯರ ಸಂಖ್ಯೆಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಸಹಿ ಮಾಡಿರಬೇಕು. ನಿರ್ಣಯವು ಅಂಗೀಕಾರವಾಗಲು ಒಟ್ಟು ಸದಸ್ಯರ ಸಂಖ್ಯೆಯ ಮೂರನೇ ಎರಡರಷ್ಟಕ್ಕೆ ಕಡಿಮೆಯಿಲ್ಲದ ಬಹುಮತ ಬೇಕು. 'ಕಡಿಮೆಯಿಲ್ಲದ' ಎಂಬ ನಕಾರಾತ್ಮಕ ಮಾತು ಕನ್ನಡದಲ್ಲಿ ತುಸು ತೊಡಕೆನಿಸುವುದರಿಂದ ಅದನ್ನು 'ಅರ್ಧಕ್ಕಿಂತ ಹೆಚ್ಚು' ಎಂದು ಬರೆಯುವುದುಂಟು. 16 ಸದಸ್ಯರ ಪಂಚಾಯತಿಯಲ್ಲಿ ಇದರ ವ್ಯತ್ಯಾಸ ಕಾಣುತ್ತದೆ. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಎಂದರೆ 8 ಸಹಿಗಳು ಸಾಕು. ಅರ್ಧಕ್ಕಿಂತ ಹೆಚ್ಚು ಎಂದರೆ 9 ಬೇಕು. ಅಧಿನಿಯಮವು 8 ಸದಸ್ಯರಿಗೆ ಕೊಟ್ಟ ಹಕ್ಕನ್ನು ಒಂದು ಪದವು ಕಿತ್ತುಕೊಂಡಂತಾಗುತ್ತದೆ. ವಿಚಿತ್ರವೆಂದರೆ, 17 ಸದಸ್ಯರಿರುವಲ್ಲಿ ಎರಡು ಮಾತಿಗೂ ಉತ್ತರ 9 ಆಗುವುದರಿಂದ ಅದೇ ದೋಷ ಅಲ್ಲಿ ಕಾಣುವುದೇ ಇಲ್ಲ. ಒಂದು ಪಂಚಾಯತಿಯಲ್ಲಿ ತೊಂದರೆಯಾಗದೆ ನಡೆದ ನಮೂನೆಯನ್ನು ಮತ್ತೊಂದು ಪಂಚಾಯತಿ ನಕಲು ಮಾಡಿಕೊಂಡಾಗ ತೊಂದರೆ ಹೊರಬೀಳುತ್ತದೆ.

'ಒಟ್ಟು' ಎಂಬ ಪದವನ್ನು ಕೈಬಿಟ್ಟರೆ ಆಗುವ ಹಾನಿ ಇನ್ನೂ ದೊಡ್ಡದು. 17 ಸದಸ್ಯರ ಪಂಚಾಯತಿಯಲ್ಲಿ 15 ಮಂದಿ ಸಭೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಒಟ್ಟು ಸದಸ್ಯರ ಮೂರನೇ ಎರಡರಷ್ಟು ಎಂದರೆ 11ಕ್ಕಿಂತ ಸ್ವಲ್ಪ ಹೆಚ್ಚು, ಹಾಗಾಗಿ 12 ಮತಗಳು ಬೇಕು. 'ಹಾಜರಿದ್ದ ಸದಸ್ಯರ ಮೂರನೇ ಎರಡರಷ್ಟು' ಎಂದಾದರೆ 10 ಮತಗಳಿಗೇ ನಿರ್ಣಯ ಅಂಗೀಕಾರವಾದಂತೆ ಕಾಣುತ್ತದೆ. 'ಸದಸ್ಯರ ಮೂರನೇ ಎರಡರಷ್ಟು' ಎಂದಷ್ಟೇ ಬರೆದರೆ ಎರಡೂ ಅರ್ಥಗಳಿಗೆ ಎಡೆಯಾಗುತ್ತದೆ. ಇದೇ ಕಾರಣಕ್ಕೆ, ವಿವರಣೆಯ ಉತ್ಸಾಹದಲ್ಲಿ 'ಹಾಲಿ ಒಟ್ಟು ಸದಸ್ಯರು' ಎಂದು ಮೂಲದಲ್ಲಿಲ್ಲದ ಪದವನ್ನು ಸೇರಿಸುವುದೂ ಸಲ್ಲದು. ತೆರವಾದ ಸ್ಥಾನಗಳನ್ನು ಎಣಿಸಬೇಕೇ ಬೇಡವೇ ಎಂಬ ಕಾನೂನಿನ ಪ್ರಶ್ನೆಗೆ ಆ ಒಂದು ವಿಶೇಷಣವು ಅಧಿಕಾರವಿಲ್ಲದೆ ಉತ್ತರ ಕೊಟ್ಟುಬಿಡುತ್ತದೆ.

ಕನ್ನಡ ಪಠ್ಯವನ್ನು ಪರಿಶೀಲಿಸುವ ಕ್ರಮ

ಪದಗಳನ್ನು ಮೊದಲು ಹುಡುಕಬೇಕಾದದ್ದು ಅಧಿನಿಯಮ ಮತ್ತು ನಿಯಮಗಳ ಅಧಿಕೃತ ಕನ್ನಡ ಪಠ್ಯದಲ್ಲಿ, ಅದೂ ಇಂದಿನವರೆಗಿನ ತಿದ್ದುಪಡಿಗಳನ್ನು ಒಳಗೊಂಡ ಪಠ್ಯದಲ್ಲಿ. ನಿಘಂಟಿನ ಸರದಿ ಆ ಬಳಿಕ ಬರುತ್ತದೆ. ಅಧಿನಿಯಮ, ನಿಯಮ, ಪ್ರಕರಣ, ಪರಂತುಕ ಎಂಬ ಪದಗಳು ಅಲ್ಲಿ ಹೇಗಿವೆಯೋ ಹಾಗೆಯೇ ಬರಬೇಕು. 'ಕಾಯ್ದೆಯ ಕಲಂ' ಎಂಬುದು ರೂಢಿಯಲ್ಲಿದ್ದರೂ ಒಂದೇ ನೋಟೀಸಿನಲ್ಲಿ 'ಪ್ರಕರಣ' ಮತ್ತು 'ಕಲಂ' ಎರಡೂ ಬಂದರೆ ಅವು ಬೇರೆ ಬೇರೆ ಎಂಬ ಸಂಶಯಕ್ಕೆ ಕಾರಣವಾಗುತ್ತದೆ. ನಿಗದಿತ ನಮೂನೆಯಲ್ಲಿ ಅಚ್ಚಾಗಿರುವ ಪದವು ಅಷ್ಟು ಸೊಗಸಾಗಿಲ್ಲದಿದ್ದರೂ ಅದನ್ನು ಬದಲಿಸಬಾರದು.

ಕರಡು ಸಿದ್ಧವಾದ ಮೇಲೆ, ಇಂಗ್ಲಿಷ್ ಪಠ್ಯವನ್ನು ನೋಡದ ಒಬ್ಬರಿಗೆ ಕನ್ನಡ ಪಠ್ಯವನ್ನು ಮಾತ್ರ ಕೊಟ್ಟು ನಾಲ್ಕು ಉತ್ತರಗಳನ್ನು ಬರೆಯಿಸಿಕೊಳ್ಳುವುದು ಒಳ್ಳೆಯ ಪರೀಕ್ಷೆ: ನೋಟೀಸು ತಲುಪಲು ಕೊನೆಯ ದಿನ ಯಾವುದು, ಸಭೆಗೆ ಕೊನೆಯ ದಿನ ಯಾವುದು, ಎಷ್ಟು ಸಹಿಗಳು ಬೇಕು, ಎಷ್ಟು ಮತಗಳು ಬೇಕು. ಇನ್ನೊಬ್ಬರು ಇಂಗ್ಲಿಷ್ ಪಠ್ಯದಿಂದ ಅದೇ ನಾಲ್ಕನ್ನು ಲೆಕ್ಕ ಹಾಕಬೇಕು. ಎಲ್ಲಿ ಸಂಖ್ಯೆ ಹೊಂದುವುದಿಲ್ಲವೋ ಅಲ್ಲಿಯೇ ಪದವು ಜಾರಿದೆ. 17ರಂತಹ ಸಂಖ್ಯೆಯಲ್ಲಿ ದೋಷವು ಅಡಗಿಕೊಳ್ಳುವುದರಿಂದ 16 ಮತ್ತು 18 ಸದಸ್ಯರಿರುವಂತೆಯೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಸೂಕ್ತ.

ನೋಟೀಸು ಎಲ್ಲ ಸದಸ್ಯರಿಗೂ ಸುಲಭವಾಗಿ ತಿಳಿಯಬೇಕೆಂಬುದು ನ್ಯಾಯವಾದ ಅಪೇಕ್ಷೆ. ಅದಕ್ಕಾಗಿ ನೋಟೀಸಿನ ವಾಕ್ಯವನ್ನು ಸಡಿಲಿಸುವ ಅಗತ್ಯವಿಲ್ಲ. ಸಭೆಯ ದಿನಾಂಕ, ವಾರ, ವೇಳೆ ಮತ್ತು ಸ್ಥಳವನ್ನು ಅಂಕಿಗಳಲ್ಲಿಯೂ ಅಕ್ಷರಗಳಲ್ಲಿಯೂ ನಮೂದಿಸಬಹುದು. ಅವಧಿಯ ಎಣಿಕೆಯನ್ನು ವಿವರಿಸುವ ಸರಳ ಟಿಪ್ಪಣಿಯನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿ, ಅದು ತಿಳಿವಳಿಕೆಗಾಗಿ ಮಾತ್ರವೆಂದು ಮೇಲೆ ಬರೆಯಬಹುದು. ನೋಟೀಸು ಕೈಸೇರಿದ ಸದಸ್ಯರು ಸ್ವೀಕೃತಿಯಲ್ಲಿ ಸಹಿಯ ಜೊತೆಗೆ ದಿನಾಂಕವನ್ನು ತಮ್ಮ ಕೈಯಿಂದಲೇ ಬರೆಯತಕ್ಕದ್ದು. ಮುಂದೆ ದಿನಗಳ ಬಗ್ಗೆ ವಿವಾದ ಬಂದರೆ ಪೂರ್ಣ ದಿನಗಳ ಎಣಿಕೆಯು ಆ ದಿನಾಂಕದ ಮರುದಿನದಿಂದ ಆರಂಭವಾಗುತ್ತದೆ.