ಇಡೀ ಕಂಪನಿಗೆ ಹೋದ ಬಿರಿಯಾನಿ ಆಹ್ವಾನ

ಕಚೇರಿಯ ಕ್ಯಾಲೆಂಡರ್‌ನಿಂದ ಹೋಗುವ ಮೀಟಿಂಗ್ ಆಹ್ವಾನ ನೋಡಲು ಇಮೇಲ್‌ನಂತೆಯೇ ಇರುತ್ತದೆ, ಆದರೆ ಅದರ ನಡತೆ ಬೇರೆ. ಇಮೇಲ್ ಇನ್‌ಬಾಕ್ಸ್‌ಗೆ ಬಂದು ಬಿದ್ದರೆ ಅದರ ಕೆಲಸ ಮುಗಿಯಿತು. ಆಹ್ವಾನ ಮಾತ್ರ ಓದುವವರು ಒಪ್ಪುವ ಮೊದಲೇ ಅವರ ಕ್ಯಾಲೆಂಡರ್‌ನಲ್ಲಿ ಜಾಗ ಹಿಡಿದುಬಿಡುತ್ತದೆ, ಬರುತ್ತೀರೋ ಇಲ್ಲವೋ ಎಂದು ಕೇಳುತ್ತದೆ, ಹೊತ್ತು ಹತ್ತಿರವಾದಾಗ ಪರದೆಯ ಮೇಲೆ ಬಂದು ನೆನಪಿಸುತ್ತದೆ. ದಾರಿ ತಪ್ಪಿದ ಆಹ್ವಾನ ದಾರಿ ತಪ್ಪಿದ ಪತ್ರಕ್ಕಿಂತ ಹೆಚ್ಚು ಗದ್ದಲ ಎಬ್ಬಿಸುವುದು ಇದರಿಂದಲೇ.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಎಂದಿಟ್ಟುಕೊಳ್ಳಿ. ನೌಕರರು 4,000, ಆ ವರ್ಷದ ಇಂಟರ್ನ್‌ಗಳು 8. ಅವರಲ್ಲೊಬ್ಬಳು ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ಗೆಳೆಯರನ್ನೆಲ್ಲ ಊಟಕ್ಕೆ ಸೇರಿಸಬೇಕೆಂದು ಔಟ್‌ಲುಕ್‌ನಲ್ಲಿ ಮೀಟಿಂಗ್ ತೆರೆಯುತ್ತಾಳೆ. ವಿಷಯ: ‘ಬಿರಿಯಾನಿ, ತಲಾ 250 ರೂಪಾಯಿ, ಜಿಪೇ ಮಾಡಿ’. ಹೆಸರಿನ ಜಾಗದಲ್ಲಿ `In` ಎಂದು ಟೈಪ್ ಮಾಡುತ್ತಿದ್ದಂತೆ ಕೆಳಗೆ ಎರಡು ಸಾಲು ಇಳಿಯುತ್ತವೆ: `India-All`, `Interns-Blr`. ಮೊದಲನೆಯದು ತಾನಾಗಿಯೇ ಆಯ್ಕೆಯಾಗಿರುತ್ತದೆ. ಅವಳು ಎಂಟರ್ ಒತ್ತಿ, ಕಳಿಸಿ, ಕಾಫಿಗೆ ಎದ್ದು ಹೋಗುತ್ತಾಳೆ.

`India-All` ಒಬ್ಬ ವ್ಯಕ್ತಿಯ ವಿಳಾಸವಲ್ಲ, ಅದೊಂದು ವಿತರಣಾ ಪಟ್ಟಿ. ಅದರ ಹಿಂದೆ 4,000 ಹೆಸರುಗಳಿದ್ದರೂ ಕಳಿಸುವವರ ಕಣ್ಣಿಗೆ ಕಾಣುವುದು ಒಂದೇ ಹೆಸರು. ಸರ್ವರ್ ಕೂಡ ಮಿತಿಯ ಲೆಕ್ಕ ಹಾಕುವಾಗ ಇದನ್ನು ಒಬ್ಬರೇ ಎಂದು ಎಣಿಸುತ್ತದೆ. ಹೀಗಾಗಿ ಒಂದು ಪತ್ರವನ್ನು ಇಷ್ಟೇ ಜನರಿಗೆ ಕಳಿಸಬಹುದೆಂಬ ಕಟ್ಟಳೆ ಇಲ್ಲಿ ತಡೆಯಾಗುವುದಿಲ್ಲ. ತಡೆಯಬಹುದಾದ ಬೇಲಿ ಬೇರೆಯೇ ಇದೆ. ಪಟ್ಟಿಗೆ ಯಾರು ಯಾರು ಕಳಿಸಬಹುದು ಎಂಬುದನ್ನು ಐಟಿ ವಿಭಾಗ ಗೊತ್ತುಮಾಡಬಹುದು, ಅಥವಾ ಬಂದ ಪತ್ರವನ್ನು ಮೇಲ್ವಿಚಾರಕರು ಒಪ್ಪಿದ ಮೇಲಷ್ಟೇ ಮುಂದೆ ಬಿಡುವಂತೆ ಮಾಡಬಹುದು. ಎಷ್ಟೋ ಕಂಪನಿಗಳಲ್ಲಿ ಪಟ್ಟಿ ಮಾಡಿದ ದಿನ ಈ ಕೆಲಸ ಉಳಿದುಹೋಗಿರುತ್ತದೆ; ಯಾರೋ ಒಬ್ಬರು ಎಡವುವ ತನಕ ಅದು ಯಾರ ಗಮನಕ್ಕೂ ಬರುವುದಿಲ್ಲ. ಇಂಟರ್ನ್ ತಪ್ಪು ಗುಂಡಿ ಒತ್ತಿದ್ದು ನಿಜ, ಆದರೆ ಬಾಗಿಲಿಗೆ ಚಿಲಕ ಹಾಕದೆ ಬಿಟ್ಟವರು ಬೇರೆಯವರು. ಸಾಮಾನ್ಯವಾಗಿ 25ಕ್ಕಿಂತ ಹೆಚ್ಚು ಮಂದಿಗೆ ಹೋಗುವಾಗ ಔಟ್‌ಲುಕ್ ಮೇಲ್ಗಡೆ ಒಂದು ಎಚ್ಚರಿಕೆಯ ಸಾಲು ತೋರಿಸುತ್ತದೆ. ಅದನ್ನು ಓದುವಷ್ಟು ವ್ಯವಧಾನ ಊಟದ ಆತುರದಲ್ಲಿ ಯಾರಿಗಿರುತ್ತದೆ?

ಮುಂದಿನದು ಎರಡು ದಾರಿಯಲ್ಲಿ ನಡೆಯುತ್ತದೆ, ಎರಡರ ಲೆಕ್ಕವೂ ಬೇರೆ. ‘ಬರುತ್ತೇನೆ’, ‘ಬರುವುದಿಲ್ಲ’ ಎಂಬ ಗುಂಡಿಗಳನ್ನು ಒತ್ತಿದವರ ಉತ್ತರ ಆಹ್ವಾನಿಸಿದವಳಿಗೆ ಮಾತ್ರ ಹೋಗುತ್ತದೆ. ಎಲ್ಲರೂ ಒತ್ತಿದರೂ ಅವಳ ಇನ್‌ಬಾಕ್ಸ್‌ಗೆ 4,000 ಪತ್ರ, ಅಷ್ಟೇ. ಅವಳ ಪಾಲಿಗೆ ಅದು ಕೆಟ್ಟ ಮಧ್ಯಾಹ್ನವಾದರೂ ಸರ್ವರ್‌ಗೆ ಏನೂ ಭಾರವಲ್ಲ. ಕಾಫಿ ಕುಡಿದು ಬಂದವಳಿಗೆ ಮೊದಲು ಕಾಣುವುದು ಇದೇ: ಹೆಸರೇ ಕೇಳಿರದ ಹಣಕಾಸು ವಿಭಾಗದ ಉಪಾಧ್ಯಕ್ಷರು ಬಿರಿಯಾನಿಗೆ ‘ಬರುತ್ತೇನೆ’ ಎಂದಿದ್ದಾರೆ.

ಎರಡನೆಯ ದಾರಿ ‘ರಿಪ್ಲೈ ಆಲ್’. ಅಲ್ಲಿ ಒಬ್ಬರ ಉತ್ತರ 4,000 ಮಂದಿಗೂ ಹೋಗುತ್ತದೆ. ‘ಇದು ನನಗೆ ತಪ್ಪಿ ಬಂದಿದೆ’ ಎಂದು ಒಬ್ಬರು, ‘ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ’ ಎಂದು ಇನ್ನೊಬ್ಬರು, ‘ದಯವಿಟ್ಟು ಯಾರೂ ಎಲ್ಲರಿಗೂ ಉತ್ತರಿಸಬೇಡಿ’ ಎಂದು ಎಲ್ಲರಿಗೂ ಉತ್ತರಿಸುವ ಮೂರನೆಯವರು, ‘ವೆಜ್ ಇದೆಯಾ?’ ಎಂದು ಕೇಳುವ ನಾಲ್ಕನೆಯವರು. ಹೀಗೆ 50 ಮಂದಿ ಬರೆದರೆ ಸಾಕು, ಎರಡು ಲಕ್ಷ ಪತ್ರ.

ಇದರ ಅತಿ ಪ್ರಸಿದ್ಧ ಉದಾಹರಣೆ ಇಮೇಲ್ ಸರ್ವರ್ ತಂತ್ರಾಂಶವನ್ನು ತಯಾರಿಸುವ ಮೈಕ್ರೋಸಾಫ್ಟ್‌ನಲ್ಲೇ ನಡೆಯಿತು. 1997ರ ಅಕ್ಟೋಬರ್‌ನಲ್ಲಿ ಅಲ್ಲಿನ ನೌಕರರೊಬ್ಬರಿಗೆ ತಾವು `Bedlam DL3` ಎಂಬ ಪಟ್ಟಿಯಲ್ಲಿರುವುದು ಕಂಡಿತು. ತಮ್ಮನ್ನು ಅದರಿಂದ ತೆಗೆಯಬೇಕೆಂದು ಅವರು ಆ ಪಟ್ಟಿಗೇ ಬರೆದರು. ಅದರಲ್ಲಿ ಸಾವಿರಾರು ಸಹೋದ್ಯೋಗಿಗಳಿದ್ದರು. ‘ನನ್ನನ್ನೂ ತೆಗೆಯಿರಿ’ ಎಂಬ ಉತ್ತರಗಳು ಒಂದರ ಹಿಂದೊಂದು ಹೊರಟವು. ಒಟ್ಟು ಸುಮಾರು ಒಂದೂವರೆ ಕೋಟಿ ಪತ್ರ, 195 ಗಿಗಾಬೈಟ್ ಹೊರೆ ಎಂದು ಅಂದಾಜು. ಕಂಪನಿಯ ಇಮೇಲ್ ವ್ಯವಸ್ಥೆ ಕುಸಿಯಿತು. ಒಂದು ಪತ್ರಕ್ಕೆ ಇಷ್ಟೇ ವಿಳಾಸ ಎಂಬ ಮಿತಿ ಅವರ ಎಕ್ಸ್‌ಚೇಂಜ್ ಸರ್ವರ್‌ಗೆ ಬಂದದ್ದು ಇದಾದ ಮೇಲೆ.

2020ರಲ್ಲಿ ಅದೇ ಕಂಪನಿ ತನ್ನ ಆನ್‌ಲೈನ್ ಇಮೇಲ್ ಸೇವೆಗೆ ಇನ್ನೊಂದು ರಕ್ಷಣೆ ಸೇರಿಸಿತು. 5,000ಕ್ಕೂ ಹೆಚ್ಚು ಮಂದಿಗೆ ಹೋಗುವ ‘ರಿಪ್ಲೈ ಆಲ್’ಗಳು 60 ನಿಮಿಷದಲ್ಲಿ 10 ಕಂಡರೆ ಆ ಸರಣಿಗೆ ನಾಲ್ಕು ಗಂಟೆ ಕಾಲ ತಡೆ ಬೀಳುತ್ತಿತ್ತು. ಇದು ಆರಂಭದ ಲೆಕ್ಕ, ಆಮೇಲೆ ಸಂಖ್ಯೆಗಳನ್ನು ಬದಲಿಸಿಕೊಳ್ಳಲು ಅವಕಾಶ ಬಂತು. ನಮ್ಮ 4,000 ಮಂದಿಯ ಕಂಪನಿ ಈ ಮೊದಲ ಲೆಕ್ಕದಲ್ಲಿ ಕೈಬಿಟ್ಟುಹೋಗುತ್ತಿತ್ತು ಎಂಬುದನ್ನು ಗಮನಿಸಬೇಕು.

ಗಾಬರಿಯಾದವಳು ಮೊದಲು ಮಾಡುವ ಕೆಲಸವೇ ಸಾಮಾನ್ಯವಾಗಿ ಎರಡನೆಯ ತಪ್ಪಾಗುತ್ತದೆ. ಅವಳು ತನ್ನ ಕ್ಯಾಲೆಂಡರ್‌ನಲ್ಲಿದ್ದ ಮೀಟಿಂಗ್ ಅಳಿಸಿ, ರದ್ದು ಸೂಚನೆ ಕಳಿಸದೆ ಬಿಟ್ಟರೆ ಅವಳ ಪರದೆ ಮಾತ್ರ ಖಾಲಿಯಾಗುತ್ತದೆ. ಉಳಿದವರ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಗೆಯೇ ಕೂತಿರುತ್ತದೆ, ಈಗ ಅದನ್ನು ಸರಿಪಡಿಸಬಲ್ಲ ಮೂಲ ಪ್ರತಿ ಅವಳ ಕ್ಯಾಲೆಂಡರ್‌ನಲ್ಲೂ ಇಲ್ಲ. ಶುಕ್ರವಾರ 12:45ಕ್ಕೆ, ಔಟ್‌ಲುಕ್‌ನ ರೂಢಿಯ 15 ನಿಮಿಷ ಮೊದಲು, ಸಾವಿರಾರು ಪರದೆಗಳ ಮೇಲೆ ಬಿರಿಯಾನಿ ಎದ್ದು ನಿಲ್ಲುತ್ತದೆ.

ಸರಿಯಾದ ಮದ್ದು, ಮೀಟಿಂಗ್ ತೆರೆದು `Cancel Meeting` ಒತ್ತಿ, ಒಂದು ಸಾಲು ಬರೆದು, `Send Cancellation` ಒತ್ತುವುದು. ಪ್ರತಿ ಆಹ್ವಾನದೊಳಗೂ ಅದಕ್ಕೇ ಮೀಸಲಾದ ಒಂದು ಗುರುತು ಸಂಖ್ಯೆ ಇರುತ್ತದೆ. ಕ್ಯಾಲೆಂಡರ್‌ಗಳ ನಡುವಿನ ಒಪ್ಪಂದದ ಭಾಷೆಯಾದ ಐಕ್ಯಾಲೆಂಡರ್‌ನಲ್ಲಿ ಅದರ ಹೆಸರು `UID`. ರದ್ದು ಸೂಚನೆ ಅದೇ ಗುರುತನ್ನು ಹೊತ್ತು ಹೋಗುತ್ತದೆ, ಜೊತೆಗೆ ತಾನು ಹೊಸದು ಎಂದು ತಿಳಿಸುವ ಒಂದು ಕ್ರಮಸಂಖ್ಯೆ ಇರುತ್ತದೆ:

```
METHOD:CANCEL
UID:biryani-fri-01
SEQUENCE:1
STATUS:CANCELLED
```

ಪಡೆದವರ ಕ್ಯಾಲೆಂಡರ್ ಈ ಗುರುತನ್ನು ಹುಡುಕಿ ಹಳೆಯ ಮೀಟಿಂಗ್ ಮೇಲೆ ರದ್ದಿನ ಮುದ್ರೆ ಒತ್ತುತ್ತದೆ. ಅಳಿಸಿಬಿಟ್ಟು, ಅದೇ ಹೆಸರಿನಲ್ಲಿ ಹೊಸ ಮೀಟಿಂಗ್ ಮಾಡಿ ಅದನ್ನು ರದ್ದು ಮಾಡಿದರೆ ಪ್ರಯೋಜನವಿಲ್ಲ, ಗುರುತು ಬೇರೆಯಾಗುತ್ತದೆ. ಇಮೇಲ್‌ಗಿರುವ ‘ರೀಕಾಲ್’ ಸೌಲಭ್ಯವನ್ನು ನೆಚ್ಚಿಕೊಳ್ಳುವುದಕ್ಕಿಂತ ಈ ದಾರಿಯೇ ಖಚಿತ. ಇದನ್ನು ಮಾಡುವಾಗಲೇ ಐಟಿಯವರಿಗೆ ಒಂದು ಫೋನ್ ಮಾಡಬೇಕು. ಪಟ್ಟಿಗೆ ಕಳಿಸುವ ಅವಕಾಶವನ್ನು ಮುಚ್ಚಿ ‘ರಿಪ್ಲೈ ಆಲ್’ ನಿಲ್ಲಿಸಲು ಅವರಿಂದ ಮಾತ್ರ ಸಾಧ್ಯ.

ಆ ಮೇಲೆ ಇಂಟರ್ನ್‌ಗೆ ಏನಾಗುತ್ತದೆ ಎಂಬುದು ತಂತ್ರಜ್ಞಾನದ ಕೈಯಲ್ಲಿಲ್ಲ. 2021ರ ಜೂನ್‌ನಲ್ಲಿ ಅಮೆರಿಕದ ಎಚ್‌ಬಿಒ ಮ್ಯಾಕ್ಸ್‌ನ ಬಹಳಷ್ಟು ಚಂದಾದಾರರಿಗೆ ಪರೀಕ್ಷೆಗಾಗಿ ಬರೆದ ಪತ್ರವೊಂದು ಹೋಯಿತು. ಕಂಪನಿ ಕ್ಷಮೆ ಕೇಳಿ, ಹೌದು, ಇದು ಇಂಟರ್ನ್ ಕೈಯಿಂದಾದದ್ದು, ಅವರ ಜೊತೆ ನಾವಿದ್ದೇವೆ ಎಂಬರ್ಥದ ಮಾತು ಟ್ವಿಟರ್‌ನಲ್ಲಿ ಹಾಕಿತು. ಬೈಗುಳದ ಬದಲು ಅಪರಿಚಿತರು ತಮ್ಮ ತಮ್ಮ ಕೆಲಸದ ಮೊದಲ ದಿನಗಳ ಎಡವಟ್ಟುಗಳನ್ನು ಆ ಇಂಟರ್ನ್‌ಗೆ ಪತ್ರದ ರೂಪದಲ್ಲಿ ಬರೆಯತೊಡಗಿದರು. ಹೆಸರು ಹೇಳದಿದ್ದರೂ ‘ಇಂಟರ್ನ್’ ಎಂದು ಬೆರಳು ತೋರಿಸಿದ್ದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ.

ಬಿರಿಯಾನಿಯ ಕಂಪನಿಯಲ್ಲಿ ರದ್ದು ಸೂಚನೆ ಎಲ್ಲರಿಗೂ ತಲುಪಿದರೂ ಮೀಟಿಂಗ್ ಒಮ್ಮೆಲೇ ಮಾಯವಾಗುವುದಿಲ್ಲ. ಔಟ್‌ಲುಕ್‌ನಲ್ಲಿ ಅದು `Canceled:` ಎಂಬ ತಲೆಬರಹ ಹೊತ್ತು, ಪ್ರತಿಯೊಬ್ಬರೂ ತೆಗೆದುಹಾಕುವ ತನಕ ಕ್ಯಾಲೆಂಡರ್‌ನಲ್ಲಿ ಉಳಿದಿರಬಹುದು. ಹಾಗೆ ಉಳಿದಿದ್ದರೆ ರದ್ದು ಕೆಲಸ ಮಾಡಿದೆ ಎಂದೇ ಅರ್ಥ. ಆ ಪದವಿಲ್ಲದೆ ಬರೀ ‘ಬಿರಿಯಾನಿ’ ಎಂದಷ್ಟೇ ಕಾಣುತ್ತಿದ್ದರೆ ಸೂಚನೆ ಆ ಕ್ಯಾಲೆಂಡರ್‌ಗೆ ಮುಟ್ಟಿಲ್ಲ, ಅವರು ತಾವಾಗಿಯೇ ಅಳಿಸಿಕೊಳ್ಳಬೇಕು.