ಪೈಪು ಕೊಯ್ಯುವ ಮೊದಲು ಬರೆಯಬೇಕಾದ ಪಟ್ಟಿ

ತಾರಸಿಯ ಮೇಲೆ 500 ಲೀಟರಿನ ನೀರಿನ ಟ್ಯಾಂಕಿಗೆ ಸ್ಟ್ಯಾಂಡ್ ಮಾಡಬೇಕು ಎಂದುಕೊಳ್ಳಿ. ನೀರಿನ ತೂಕವೇ 500 ಕಿಲೋ, ನಾಲ್ಕು ಕಾಲಿಗೆ ಹಂಚಿದರೆ ಒಂದೊಂದಕ್ಕೆ 125. 50 ಮಿ.ಮೀ. ಅಗಲದ, 3 ಮಿ.ಮೀ. ದಪ್ಪದ ಚೌಕ ಪೈಪು ಇಷ್ಟನ್ನು ಸಲೀಸಾಗಿ ಹೊರುತ್ತದೆ. ಸ್ಟ್ಯಾಂಡನ್ನು ಕೆಡಿಸುವುದು ಅಡ್ಡಡ್ಡ ಓಲಾಟ. ಕಾಲು ಬಾಗುವ ಎಷ್ಟೋ ಮೊದಲೇ ಮೂಲೆಯ ಬೆಸುಗೆ ಬಿರಿಯುತ್ತದೆ.

ಮೇಲಿನ ಚೌಕಟ್ಟು ಹೊರ ಅಳತೆಯಲ್ಲಿ 1000 ಮಿ.ಮೀ. ಚೌಕ ಇರಲಿ. ಅದರ ನಾಲ್ಕೂ ತುಂಡುಗಳ ತುದಿಯನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ದರೆ ಪೈಪಿನ ಬಾಯಿ ಮುಚ್ಚಿಹೋಗಿ ಮಳೆನೀರು ಒಳಗೆ ಇಳಿಯುವುದಿಲ್ಲ. ಆದರೆ ಯಂತ್ರ 45ರ ಬದಲು 44ಕ್ಕೆ ನಿಂತಿದ್ದರೆ ಎಂಟು ಕೊಯ್ತದ ತಪ್ಪು ಸೇರಿ 8 ಡಿಗ್ರಿಯಾಗುತ್ತದೆ. ಮೂರು ಮೂಲೆ ಚೆನ್ನಾಗಿ ಕೂತು, ನಾಲ್ಕನೆಯದರಲ್ಲಿ ಸುಮಾರು 10 ಮಿ.ಮೀ. ಸಂದು ಬಾಯಿ ಬಿಡುತ್ತದೆ. ಅದನ್ನು ಬೆಸುಗೆಯಿಂದ ತುಂಬಲು ಹೋಗಬಾರದು. ಅಷ್ಟು ಕಾವಿಗೆ ಚೌಕಟ್ಟೇ ಸೊಟ್ಟಗಾಗುತ್ತದೆ. ಮೊದಲು ಎರಡು ಚೂರು ಪೈಪು ಕೊಯ್ದು, ಜೋಡಿಸಿ, ಮೂಲೆಮಟ್ಟ ಹಿಡಿದು ನೋಡಿ.

ಕಾಲು ಚೌಕಟ್ಟಿಗೆ ಸೇರುವ ಕಡೆ ಗಸೆಟ್ ಬೇಕು. ಸಾಮಾನ್ಯವಾಗಿ ತ್ರಿಕೋನದ ತಗಡೊಂದನ್ನು ಪೈಪಿನ ಮುಖದ ನಡುವೆ ನಿಲ್ಲಿಸಿ ಬೆಸೆಯುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಪೈಪಿನ ಗೋಡೆ ನಡುವಿನಲ್ಲೇ ಹೆಚ್ಚು ಮೆತ್ತಗೆ. ಓಲಾಡಿದಂತೆಲ್ಲ ತಗಡಿನ ಚೂಪು ತುದಿ ಅಲ್ಲೇ ಒತ್ತಿ, ಕಡೆಗೆ ಸೀಳು ಬಿಡಿಸುತ್ತದೆ. 40 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿಯನ್ನು ಮೂಲೆಗೆ ಓರೆಯಾಗಿ, ಪೈಪಿನ ಅಗಲಕ್ಕೆ ಮಲಗಿಸಿ ಕೊಟ್ಟರೆ ಒತ್ತಡ ಎರಡೂ ಪಕ್ಕದ ಗೋಡೆಗಳಿಗೆ ಹೋಗುತ್ತದೆ. ಮೂಲೆಯಿಂದ ಎರಡೂ ಕಡೆ 150 ಮಿ.ಮೀ. ದೂರ ಹಿಡಿದರೆ ಪಟ್ಟಿಯ ಉದ್ದ 212. ಕಾಲಿಗೆ ಎರಡರಂತೆ ಎಂಟು ಬೇಕು.

ಇನ್ನು ಕೊಯ್ಯುವ ಪಟ್ಟಿ. ಹೆಚ್ಚಿನವರು ಎಡವುವುದು ಕಾಲಿನ ಅಳತೆಯಲ್ಲಿ. ಒಟ್ಟು ಎತ್ತರ 750 ಬೇಕೆಂದರೆ, ಮೇಲಿನ ಪೈಪಿನ 50 ಮತ್ತು ಅಡಿಯ ಪ್ಲೇಟಿನ 6 ಕಳೆದು ಕಾಲಿನ ಉದ್ದ 694. ಕಾಲುಗಳ ನಡುವಿನ ಕೆಳ ಅಡ್ಡಪಟ್ಟಿ ನಾಲ್ಕು, ಟ್ಯಾಂಕಿನ ಹಲಗೆಯಡಿಗೆ ನಡುವಿನದು ಒಂದು. ಈ ಐದೂ 900, ನೇರ ಕೊಯ್ತ.

ಅಂಗಡಿಯಲ್ಲಿ ಪೈಪು 6 ಮೀಟರಿನ ಉದ್ದದಲ್ಲಿ ಸಿಗುತ್ತದೆ. ಓರೆ ತುಂಡುಗಳನ್ನು ಒಂದು ಬಿಟ್ಟು ಒಂದು ಮಗುಚಿ ಗುರುತು ಹಾಕಿದರೆ ಒಂದೇ ಕೊಯ್ತ ಎರಡು ತುಂಡಿಗೆ ಆಗುತ್ತದೆ. ನಾಲ್ಕಕ್ಕೆ 4000 ಅಲ್ಲ, ಬ್ಲೇಡು ತಿನ್ನುವುದೂ ಸೇರಿ ಸುಮಾರು 3870 ಸಾಕು. ಉಳಿದದ್ದರಲ್ಲಿ 900ರ ಎರಡು ಬರುತ್ತವೆ. ಎರಡನೆಯ ಪೈಪಿನಲ್ಲಿ ಮಿಕ್ಕ ಮೂರು ಅಡ್ಡಪಟ್ಟಿ, ನಾಲ್ಕು ಕಾಲು, ಕೊನೆಗೆ ಅರ್ಧ ಮೀಟರ್ ಚೂರು. ಪಟ್ಟಿ ಬರೆಯದೆ ಹೋದವರು ಮೂರನೆಯ ಪೈಪು ತರುತ್ತಾರೆ.

ಜೋಡಿಸುವಾಗ ಮೊದಲು ನಾಲ್ಕೂ ಮೂಲೆಗೆ ಬರೀ ಚುಕ್ಕೆ ಬೆಸುಗೆ ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡೂ ಕರ್ಣ 1414 ಬಂದರೆ ಚೌಕಟ್ಟು ನೇರವಾಗಿದೆ. ಬರದಿದ್ದರೆ ಉದ್ದದ ಕರ್ಣದ ಮೂಲೆಗೆ ಸುತ್ತಿಗೆಯಿಂದ ತಟ್ಟಿ ಸರಿಮಾಡಿಕೊಳ್ಳಲು ಆಗಿನ್ನೂ ಸಾಧ್ಯ.