ಒಂದೇ ತಾಪ, ಎರಡು ಎತ್ತರ

ಹರ್ಟ್ಸ್‌ಸ್ಪ್ರಂಗ್-ರಸೆಲ್ ನಕ್ಷೆಯಲ್ಲಿ ಪ್ರತಿಯೊಂದು ನಕ್ಷತ್ರವೂ ಒಂದು ಚುಕ್ಕೆ. ಮೇಲಕ್ಕೆ ಹೋದಂತೆ ನಕ್ಷತ್ರದ ನಿಜವಾದ ಕಾಂತಿ ಹೆಚ್ಚುತ್ತದೆ. ಅಲ್ಲಿ ಒಂದೊಂದು ಮೆಟ್ಟಿಲಿಗೂ ಕಾಂತಿ ಹತ್ತು ಪಟ್ಟು ಏರುತ್ತದೆ. ಅಡ್ಡಗೆರೆಯಲ್ಲಿರುವುದು ಮೇಲ್ಮೈ ತಾಪ. ಮೊದಲ ಸಲ ನೋಡುವವರು ಎಡವುವುದು ಇಲ್ಲೇ: ಬಿಸಿಯಾದ ನೀಲಿ ನಕ್ಷತ್ರಗಳು ಎಡಕ್ಕೆ, ತಂಪಾದ ಕೆಂಪು ನಕ್ಷತ್ರಗಳು ಬಲಕ್ಕೆ. ಡೆನ್ಮಾರ್ಕಿನ ಐನಾರ್ ಹರ್ಟ್ಸ್‌ಸ್ಪ್ರಂಗ್ 1911ರಲ್ಲಿ, ಅಮೆರಿಕದ ಹೆನ್ರಿ ನಾರಿಸ್ ರಸೆಲ್ 1913ರಲ್ಲಿ ಇಂಥ ನಕ್ಷೆಗಳನ್ನು ಬೇರೆಬೇರೆಯಾಗಿ ರೂಪಿಸಿದರು.

ಚುಕ್ಕೆಗಳು ಎಲ್ಲೆಂದರಲ್ಲಿ ಚದುರಿಲ್ಲ. ಬಹುಪಾಲು ನಕ್ಷತ್ರಗಳು ಎಡಮೇಲಿನಿಂದ ಬಲಕೆಳಗೆ ಇಳಿಯುವ ಒಂದು ಓರೆಪಟ್ಟಿಯಲ್ಲಿ ಸೇರಿಕೊಂಡಿವೆ. ಇದೇ ಪ್ರಧಾನ ಶ್ರೇಣಿ. ಸುಮಾರು 5,800 ಕೆಲ್ವಿನ್ ತಾಪದ ಸೂರ್ಯ ಈ ಪಟ್ಟಿಯ ನಡುಭಾಗದಲ್ಲಿದ್ದಾನೆ. ಅವನಿಗಿಂತ ಸುಮಾರು 25 ಪಟ್ಟು ಕಾಂತಿಯುಳ್ಳ ಲುಬ್ಧಕ ಎಡಕ್ಕೆ, ಮೇಲಿದೆ. ಇವೆಲ್ಲ ತಮ್ಮ ಒಡಲಿನ ನಡುವೆ ಹೈಡ್ರೋಜನ್ನನ್ನು ಹೀಲಿಯಂ ಆಗಿಸುತ್ತಿರುವ ನಕ್ಷತ್ರಗಳು. ದ್ರವ್ಯರಾಶಿ ಹೆಚ್ಚಿದಷ್ಟೂ ಚುಕ್ಕೆ ಪಟ್ಟಿಯಲ್ಲಿ ಮೇಲಿರುತ್ತದೆ. ನಕ್ಷತ್ರದ ಆಯುಷ್ಯದ ಹೆಚ್ಚಿನ ಪಾಲು ಈ ಘಟ್ಟದಲ್ಲೇ ಕಳೆಯುವುದರಿಂದ ಪಟ್ಟಿಯಲ್ಲಿ ಇಷ್ಟೊಂದು ದಟ್ಟಣೆ.

ಪಟ್ಟಿಯ ಬಲಭಾಗದ ಮೇಲೆ ಇನ್ನೊಂದು ಗುಂಪಿದೆ. ಅದನ್ನು ಅರಿಯಲು ಎರಡು ನಕ್ಷತ್ರಗಳನ್ನು ಹೋಲಿಸಿದರೆ ಸಾಕು. ರಾಜಹಂಸ ಪುಂಜದ 61 ಸಿಗ್ನಿ ಜೋಡಿಯಲ್ಲಿ ಮಂದವಾದದ್ದರ ತಾಪ ಸುಮಾರು 4,000 ಕೆಲ್ವಿನ್. ವೃಷಭದ ರೋಹಿಣಿಯದು ಸುಮಾರು 3,900. ಹಾಗಾಗಿ ನಕ್ಷೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಲಂಬರೇಖೆಯ ಮೇಲೆ ಬರುತ್ತವೆ. ಆದರೆ ಮೊದಲನೆಯದರ ಕಾಂತಿ ಸೂರ್ಯನ ಹತ್ತನೇ ಒಂದಂಶಕ್ಕೂ ಕಡಿಮೆ, ರೋಹಿಣಿಯದು ಸೂರ್ಯನ 400 ಪಟ್ಟಿಗೂ ಹೆಚ್ಚು. ನಡುವಿನ ಅಂತರ ಸುಮಾರು 5,000 ಪಟ್ಟು.

ಒಂದೇ ತಾಪದ ಮೇಲ್ಮೈಗಳು ಪ್ರತಿ ಚದರ ಮೀಟರಿಗೆ ಒಂದೇ ಪ್ರಮಾಣದ ಶಕ್ತಿಯನ್ನು ಹೊರಸೂಸುತ್ತವೆ. ಕಾಂತಿ 5,000 ಪಟ್ಟು ಇರಬೇಕಾದರೆ ಮೇಲ್ಮೈಯೂ ಸರಿಸುಮಾರು ಅಷ್ಟೇ ಪಟ್ಟು ಇರಬೇಕು. ಅಂದರೆ ವ್ಯಾಸ ಸುಮಾರು 70 ಪಟ್ಟು. ತಂಪಾಗಿದ್ದೂ ಪ್ರಜ್ವಲಿಸುವ ರೋಹಿಣಿ ಹೀಗೆ ದೈತ್ಯ ನಕ್ಷತ್ರವೆಂದು ನಕ್ಷೆಯಿಂದಲೇ ತಿಳಿಯುತ್ತದೆ. ಅದರ ನಡುವಿನ ಹೈಡ್ರೋಜನ್ ತೀರಿಹೋಗಿದೆ. ಒಳತಿರುಳು ಕುಗ್ಗಿ ಬಿಸಿಯೇರಿದಾಗ ಅದರ ಸುತ್ತಲಿನ ಪದರದಲ್ಲಿ ಹೈಡ್ರೋಜನ್ ರಭಸದಿಂದ ಉರಿಯತೊಡಗುತ್ತದೆ, ಹೊರ ಪದರಗಳು ಹಿಗ್ಗಿ ತಣಿಯುತ್ತವೆ. ಆಗ ಚುಕ್ಕೆ ಪ್ರಧಾನ ಶ್ರೇಣಿಯನ್ನು ಬಿಟ್ಟು ಬಲಕ್ಕೂ ಮೇಲಕ್ಕೂ ಸರಿಯುತ್ತದೆ.

ಈ ಲೆಕ್ಕವೆಲ್ಲ ನಿಂತಿರುವುದು ದೂರದ ಮೇಲೆ. ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಹಿನ್ನೆಲೆಯಲ್ಲಿ ಕಾಣುವ ಹಯಾಡೀಸ್ ಗುಚ್ಛ ಸುಮಾರು 150 ಜ್ಯೋತಿರ್ವರ್ಷದಾಚೆ ಇದೆ. ರೋಹಿಣಿಯನ್ನು ಆ ಗುಚ್ಛದ್ದೇ ಎಂದು ತಪ್ಪಾಗಿ ಎಣಿಸಿದರೆ ಅದರ ಕಾಂತಿ ಐದು ಪಟ್ಟಿಗೂ ಮಿಗಿಲಾಗಿ ಲೆಕ್ಕಕ್ಕೆ ಸಿಕ್ಕಿ, ಚುಕ್ಕೆ ಸುಳ್ಳು ಎತ್ತರಕ್ಕೇರುತ್ತದೆ. ದೂರ ತಿಳಿಯದಿದ್ದಾಗ ರೋಹಿತವೂ ನೆರವಾಗುತ್ತದೆ: ದೈತ್ಯಗಳ ಹೊರಾವರಣ ವಿರಳವಾದ್ದರಿಂದ ಅವುಗಳ ಬೆಳಕಿನ ಹಲವು ಕಪ್ಪು ಗೆರೆಗಳು, ಅದೇ ತಾಪದ ಪ್ರಧಾನ ಶ್ರೇಣಿಯ ನಕ್ಷತ್ರಗಳಲ್ಲಿ ಇರುವುದಕ್ಕಿಂತ ತೆಳ್ಳಗಿರುತ್ತವೆ.